ಚಂದಾ ಮುಗಿಯುವ ಹೊತ್ತಿಗೆ ಓದುಗರಿಗೆ ಬರೆಯುವ ನಾಲ್ಕು ಸಾಲು

ಮಾಸಪತ್ರಿಕೆಯ ಚಂದಾ ನಿಂತುಹೋಗುವುದಕ್ಕೆ ಪತ್ರಿಕೆ ಬೇಸರವಾದದ್ದೇ ಕಾರಣವೆಂದು ಸಂಪಾದಕರು ಅಂದುಕೊಳ್ಳುತ್ತಾರೆ. ಚಂದಾ ವಿಭಾಗದಲ್ಲಿ ಕೂತು ಕೆಲಸ ಮಾಡುವವರಿಗೆ ಬೇರೆಯದೇ ಕಾರಣಗಳು ಕಾಣುತ್ತವೆ. ಓದುಗರು ಮನೆ ಬದಲಿಸಿರುತ್ತಾರೆ. ನಡುವೆ ಎರಡು ಸಂಚಿಕೆ ಅಂಚೆಯಲ್ಲಿ ಕಳೆದುಹೋಗಿ, ದೂರಿದರೂ ಉತ್ತರ ಸಿಕ್ಕಿರುವುದಿಲ್ಲ. ಮಗಳು ಕಟ್ಟಿದ ಚಂದಾ ಅಪ್ಪನ ಹೆಸರಿನಲ್ಲಿ ಬರುತ್ತಿರುತ್ತದೆ. ಯಾವಾಗ ಮುಗಿಯುತ್ತದೆಂದು ಇಬ್ಬರಿಗೂ ಗೊತ್ತಿರುವುದಿಲ್ಲ. ಎಷ್ಟೋ ಮಂದಿ ಸುಮ್ಮನೆ ಮರೆತಿರುತ್ತಾರೆ. ಇವರೆಲ್ಲರಿಗೂ ಹೋಗುವುದು ಒಂದೇ ಒಕ್ಕಣೆ: ‘ಆತ್ಮೀಯ ಚಂದಾದಾರರೇ, ನಿಮ್ಮ ಚಂದಾ ಅವಧಿ ಶೀಘ್ರದಲ್ಲೇ ಮುಗಿಯಲಿದೆ. ಇಂದೇ ನವೀಕರಿಸಿ, ಈ ಅವಕಾಶ ಕಳೆದುಕೊಳ್ಳಬೇಡಿ!’

ಇದರಲ್ಲಿ ಓದುಗರ ಬಗ್ಗೆ ಒಂದು ಸಂಗತಿಯೂ ಇಲ್ಲ. ಚಂದಾ ಯಾವ ತಿಂಗಳು ಮುಗಿಯುತ್ತದೆ, ಎಷ್ಟು ಕಟ್ಟಬೇಕು, ಯಾರಿಗೆ ಫೋನ್ ಮಾಡಬೇಕು, ಯಾವುದೂ ಇಲ್ಲ. ‘ಆತ್ಮೀಯ’ ಎಂದು ಬರೆದ ಮಾತ್ರಕ್ಕೆ ಆತ್ಮೀಯತೆ ಬರುವುದಿಲ್ಲ. ಕಚೇರಿಯ ದಾಖಲೆಯಲ್ಲಿ ಆ ಒಬ್ಬರ ಬಗ್ಗೆ ಏನಿದೆಯೋ ಅದನ್ನು ತೆಗೆದು ನೋಡಿ ಬರೆದರೆ ತಾನಾಗಿ ಬರುತ್ತದೆ.

ಹಾಗಾಗಿ ಕೆಲಸ ಶುರುವಾಗುವುದು ಪಟ್ಟಿಯಿಂದ. ಡಿಸೆಂಬರ್‌ಗೆ ಮುಗಿಯುವವರ ಪಟ್ಟಿಯನ್ನು ಅಕ್ಟೋಬರ್‌ನಲ್ಲೇ ತೆಗೆದು, ಪ್ರತಿ ಹೆಸರಿನ ಮುಂದೆ ಮೂರು ವಿಷಯ ನೋಡಬೇಕು. ಈ ವರ್ಷ ಸಂಚಿಕೆ ತಲುಪಿಲ್ಲವೆಂದು ದೂರಿದ್ದರೇ? ಯಾವುದಾದರೂ ಪ್ರತಿ ವಿಳಾಸ ಸಿಗದೆ ವಾಪಸ್ ಬಂದಿತ್ತೇ? ಹಣ ಕಟ್ಟಿದವರು ಇವರೇ ಅಥವಾ ಉಡುಗೊರೆಯಾಗಿ ಬೇರೆಯವರೇ? ಪ್ರತಿ ವಾಪಸ್ ಬಂದವರಿಗೆ ಹಣದ ಮಾತು ಎತ್ತಬಾರದು, ಮೊದಲು ವಿಳಾಸ ಕೇಳಬೇಕು. ಉಡುಗೊರೆ ಚಂದಾ ಆದರೆ ಕೊಟ್ಟವರನ್ನು ಕೇಳಬೇಕೇ ಹೊರತು ಪಡೆದವರನ್ನಲ್ಲ. ವಯಸ್ಸಾದ ಓದುಗರು ತೀರಿಕೊಂಡಿದ್ದು, ‘ನಿಮ್ಮನ್ನು ಕಳೆದುಕೊಳ್ಳಲು ನಮಗಿಷ್ಟವಿಲ್ಲ’ ಎಂಬ ಒಕ್ಕಣೆ ಅವರ ಹೆಸರಿಗೇ ಹೋದರೆ ಮನೆಯವರಿಗೆ ಎಷ್ಟು ನೋವಾಗುತ್ತದೆ! ಮನೆಯವರು ಒಮ್ಮೆ ವಿಷಯ ತಿಳಿಸಿದ್ದರೆ, ಆ ಹೆಸರನ್ನು ಅದೇ ದಿನ ಪಟ್ಟಿಯಿಂದ ತೆಗೆದಿರಬೇಕು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಸಿದ್ದಾಪುರ ಕಡೆಯ ಒಂದು ಹಳ್ಳಿಯಲ್ಲಿರುವ ನಿವೃತ್ತ ಮೇಷ್ಟ್ರು, ಹೆಗಡೆಯವರು ಎಂದುಕೊಳ್ಳಿ. ಚಂದಾ ಸಂಖ್ಯೆ 2317, ಮುಗಿಯುವುದು ಡಿಸೆಂಬರ್ ಸಂಚಿಕೆಗೆ. ಜೂನ್ ಸಂಚಿಕೆ ಬರಲಿಲ್ಲವೆಂದು ಬರೆದಿದ್ದರು, ಕಚೇರಿಯಿಂದ ಇನ್ನೊಂದು ಪ್ರತಿ ಹೋಗಿತ್ತು. ಅವರಿಗೆ ಹೀಗೆ ಬರೆಯಬಹುದು:

‘ಹೆಗಡೆಯವರಿಗೆ ನಮಸ್ಕಾರ. ಜೂನ್ ಸಂಚಿಕೆ ಮತ್ತೊಮ್ಮೆ ಕಳಿಸಿದ್ದೆವು, ಕೈಸೇರಿತೇ? ಇಲ್ಲವಾದರೆ ತಿಳಿಸಿ, ಇನ್ನೊಂದು ಪ್ರತಿ ಕಳಿಸುತ್ತೇವೆ. ನಿಮ್ಮ ಚಂದಾ ಡಿಸೆಂಬರ್ ಸಂಚಿಕೆಗೆ ಮುಗಿಯುತ್ತದೆ. ಮುಂದುವರಿಸುವುದಾದರೆ ಒಂದು ವರ್ಷಕ್ಕೆ 360 ರೂಪಾಯಿ. ಜನವರಿ ಸಂಚಿಕೆಯ ವಿಳಾಸದ ಚೀಟಿಗಳನ್ನು ಡಿಸೆಂಬರ್ 20ಕ್ಕೆ ಮುದ್ರಿಸುತ್ತೇವೆ. ಅಷ್ಟರೊಳಗೆ ಹಣ ಬಂದರೆ ಸಂಚಿಕೆ ತಪ್ಪುವುದಿಲ್ಲ. ಕಳಿಸುವಾಗ 2317 ಎಂದು ಬರೆಯಿರಿ. ಈಗಾಗಲೇ ಕಳಿಸಿದ್ದರೆ ಯಾವ ದಿನ ಎಂದು ಹೇಳಿ, ಹುಡುಕುತ್ತೇವೆ. ಬೇಡವೆನಿಸಿದರೆ ಅದನ್ನೂ ತಿಳಿಸಬಹುದು, ಮತ್ತೆ ಕೇಳುವುದಿಲ್ಲ.’

ಕೆಳಗೆ ಬರೆದವರ ಹೆಸರು, ಅವರು ನಿಜವಾಗಿಯೂ ಎತ್ತುವ ಫೋನ್ ನಂಬರ್, ಯಾವ ಹೊತ್ತಿಗೆ ಸಿಗುತ್ತಾರೆ ಎಂಬುದು ಇರಲಿ. ‘ವ್ಯವಸ್ಥಾಪಕರು’ ಎಂದಷ್ಟೇ ಇದ್ದರೆ ಮೇಷ್ಟ್ರು ಯಾರಿಗೆ ಉತ್ತರ ಬರೆಯಬೇಕು?

ಈ ಒಕ್ಕಣೆಯಲ್ಲಿ ಡಿಸೆಂಬರ್ 20 ಎಂಬ ದಿನಾಂಕಕ್ಕೆ ತೂಕವಿದೆ. ‘ಇನ್ನು ಮೂರೇ ದಿನ’ ಎಂದು ಬರೆದು ನಾಲ್ಕನೆಯ ದಿನವೂ ಅದೇ ದರಕ್ಕೆ ಹಣ ತೆಗೆದುಕೊಂಡರೆ ಓದುಗರು ಮುಂದಿನ ಬಾರಿ ನಂಬುವುದಿಲ್ಲ. ಚೀಟಿ ಮುದ್ರಿಸುವ ದಿನವಾದರೋ ಕಚೇರಿಯಲ್ಲಿ ನಿಜವಾಗಿ ಇರುವ ಗಡುವು. ಅದನ್ನು ಹೇಳಿದರೆ ಅವಸರಪಡಿಸಿದಂತಾಗುವುದಿಲ್ಲ, ಓದುಗರಿಗೆ ಬೇಕಾದ ಮಾಹಿತಿ ಕೊಟ್ಟಂತಾಗುತ್ತದೆ.

ಚಂದಾ ಸಂಖ್ಯೆ ಕೇಳುವುದಕ್ಕೂ ಗಟ್ಟಿ ಕಾರಣವಿದೆ. ಮನಿಯಾರ್ಡರ್ ಫಾರಂನಲ್ಲಿ ಕಳಿಸಿದವರ ಹೆಸರು, ವಿಳಾಸ, ಕೆಳಗೆ ಎರಡು ಸಾಲು ಬರೆಯುವ ಜಾಗ ಇರುತ್ತಿತ್ತು. ಯುಪಿಐ ಬಂದ ಮೇಲೆ ಹಣ ಕ್ಷಣದಲ್ಲಿ ಬರುತ್ತದೆ, ಆದರೆ ಮೊಮ್ಮಗನ ಫೋನಿನಿಂದ ಬಂದರೆ ಬ್ಯಾಂಕಿನ ಪಟ್ಟಿಯಲ್ಲಿ ಕಾಣುವುದು ಮೊಮ್ಮಗನ ಹೆಸರು. ಕಚೇರಿ ಅದನ್ನು ಅಜ್ಜನ ಖಾತೆಗೆ ಸೇರಿಸುವುದಿಲ್ಲ. ಹಣ ಕಟ್ಟಿದವರಿಗೇ ‘ಚಂದಾ ಮುಗಿದಿದೆ’ ಎಂಬ ಸಂದೇಶ ಹೋಗುತ್ತದೆ. ಓದುಗರನ್ನು ಇದಕ್ಕಿಂತ ಸಿಟ್ಟಿಗೆಬ್ಬಿಸುವುದು ಬೇರೊಂದಿಲ್ಲ. ಆದ್ದರಿಂದ ನೆನಪೋಲೆ ಕಳಿಸುವ ದಿನದ ಬೆಳಿಗ್ಗೆ, ಯಾರದೆಂದು ಗೊತ್ತಾಗದೆ ಉಳಿದ ಹಣದ ಪಟ್ಟಿಯನ್ನು ಮೊದಲು ಬಿಡಿಸಿಕೊಳ್ಳಬೇಕು. ಮೊತ್ತ ಮತ್ತು ಚಂದಾ ಸಂಖ್ಯೆ ಎರಡನ್ನೂ ಒಳಗೊಂಡ ಕ್ಯೂಆರ್ ಕೋಡ್ ಅನ್ನು ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಮಾಡಿಕೊಡಲು ಸಾಧ್ಯವಿದೆ. ಸಣ್ಣ ಪತ್ರಿಕೆಯೂ ಈ ಶ್ರಮ ತೆಗೆದುಕೊಳ್ಳಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಯಾವುದರಲ್ಲಿ ಕಳಿಸುತ್ತೇವೆ ಎಂಬುದರ ಮೇಲೆ ಎಷ್ಟು ಹೇಳಬಹುದು ಎಂಬುದು ನಿಂತಿದೆ. ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷ್ ಅಕ್ಷರಗಳಿಗೆ 160 ಜಾಗ ಇದ್ದರೆ ಕನ್ನಡಕ್ಕೆ ಸಿಗುವುದು 70 ಮಾತ್ರ. ಅದರಲ್ಲೂ ಒತ್ತು, ಕೊಂಬು, ಗುಡಿಸು ಎಲ್ಲ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ‘ನಿಮ್ಮ’ ಎಂಬುದು ಕಣ್ಣಿಗೆ ಎರಡೇ ಅಕ್ಷರ, ಲೆಕ್ಕದಲ್ಲಿ ಐದು. ‘ಹೆಗಡೆಯವರೇ, ನಿಮ್ಮ ಚಂದಾ ಡಿಸೆಂಬರ್‌ಗೆ ಮುಗಿಯುತ್ತದೆ’ ಎನ್ನುವಷ್ಟರಲ್ಲೇ ಅರ್ಧಕ್ಕಿಂತ ಹೆಚ್ಚು ಜಾಗ ಹೋಗಿರುತ್ತದೆ. ಸಾಲದ್ದಕ್ಕೆ, ಸಂಸ್ಥೆಗಳು ಕಳಿಸುವ ಎಸ್ಸೆಮ್ಮೆಸ್ಸಿನ ಒಕ್ಕಣೆಯನ್ನು ಮೊದಲೇ ನೋಂದಾಯಿಸಬೇಕು. ಹೆಸರು, ತಿಂಗಳು, ಮೊತ್ತದಂಥ ಖಾಲಿ ಜಾಗಗಳನ್ನಷ್ಟೇ ಬದಲಿಸಬಹುದು. ಆದ್ದರಿಂದ ಎಸ್ಸೆಮ್ಮೆಸ್ಸಿಗೆ ತಿಂಗಳು ಮತ್ತು ಫೋನ್ ನಂಬರ್ ಸಾಕು. ಜೂನ್ ಸಂಚಿಕೆಯ ಮಾತಿಗೆ ಕಾಗದವೋ ವಾಟ್ಸಾಪೋ ಬೇಕು. ವಾಟ್ಸಾಪಿನಲ್ಲಿ ಬ್ರಾಡ್‌ಕಾಸ್ಟ್ ಪಟ್ಟಿಗೆ ಹಾಕಿ ಕೈತೊಳೆದುಕೊಂಡರೆ, ಕಚೇರಿಯ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡಿರದ ಓದುಗರಿಗೆ ಅದು ತಲುಪುವುದೇ ಇಲ್ಲ. ತಲುಪಿದ್ದರೂ ಓದಿ ಸುಮ್ಮನಾದರು ಎಂದು ಕಚೇರಿ ತಪ್ಪು ತಿಳಿಯುತ್ತದೆ.

ಎಷ್ಟು ಸಲ ಕೇಳಬೇಕು? ನನ್ನ ಲೆಕ್ಕದಲ್ಲಿ ಮೂರು ಸಲ. ನವೆಂಬರ್ ಸಂಚಿಕೆಯೊಳಗೆ ಒಂದು ಚೀಟಿ. ಡಿಸೆಂಬರ್ ಸಂಚಿಕೆ ಮನೆ ಸೇರಿದ ಮೇಲೆ ಮೇಲಿನಂಥ ಕಾಗದ. ಜನವರಿಯಲ್ಲಿ ಪತ್ರಿಕೆ ಬಾರದಿದ್ದಾಗ ಒಂದು ಕೊನೆಯ ಮಾತು. ಕೇಳದೆಯೇ ವಿ.ಪಿ.ಪಿ.ಯಲ್ಲಿ ಪತ್ರಿಕೆ ಕಳಿಸಿ ಅಂಚೆಯವರ ಮೂಲಕ ಬಾಗಿಲಲ್ಲಿ ಹಣ ಕೇಳುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅಂಚೆಯಣ್ಣನ ಎದುರು ಬೇಡವೆನ್ನಲು ಸಂಕೋಚಪಟ್ಟು ಕೆಲವರು ಬಿಡಿಸಿಕೊಳ್ಳಬಹುದು. ಅಂಥ ಚಂದಾ ಮರುವರ್ಷ ಉಳಿಯುವುದು ಕಷ್ಟ. ವಾಪಸ್ ಬಂದರೆ ಅಂಚೆ ಖರ್ಚು ಕಚೇರಿಯ ತಲೆಗೆ.

ಬರೆದ ಕಾಗದ ಸರಿಯಿದೆಯೇ ಎಂದು ನೋಡಲು, ಅದನ್ನು ಅದೇ ಓದುಗರಿಗೆ ಫೋನಿನಲ್ಲಿ ಹೇಳಿದಂತೆ ಗಟ್ಟಿಯಾಗಿ ಓದಿ. ‘ಅಮೂಲ್ಯ ಬೆಂಬಲ’, ‘ಸುವರ್ಣಾವಕಾಶ’ದಂಥವು ನಾಲಿಗೆಗೆ ಬರುವುದಿಲ್ಲ, ಅವನ್ನು ಹೊಡೆದುಹಾಕಬಹುದು. ಯಾವ ಒಕ್ಕಣೆ ಹೆಚ್ಚು ಕೆಲಸ ಮಾಡಿತೆಂದು ತಿಳಿಯಲು ಸಮಸಂಖ್ಯೆಯ ಚಂದಾದಾರರಿಗೆ ಒಂದು, ಬೆಸಸಂಖ್ಯೆಯವರಿಗೆ ಇನ್ನೊಂದು ಕಳಿಸಿ ನೋಡಬಹುದು. ಆದರೆ ತಿಂಗಳಿಗೆ ನಲವತ್ತೇ ಹೆಸರಿರುವ ಪಟ್ಟಿಯಲ್ಲಿ ಎರಡು ಮೂರು ಜನರ ಹೆಚ್ಚುಕಡಿಮೆಗೆ ಅರ್ಥವಿಲ್ಲ. ಆರೇಳು ತಿಂಗಳು ಸೇರಿಸಿಯೇ ನೋಡಬೇಕು. ಹಣದ ಜೊತೆಗೆ ಉತ್ತರಗಳನ್ನೂ ಎಣಿಸಬೇಕು. ‘ಪತ್ರಿಕೆಯೇ ಬರುತ್ತಿಲ್ಲ’ ಎಂದು ಒಂದೇ ಅಂಚೆ ಕಚೇರಿಯ ವ್ಯಾಪ್ತಿಯಿಂದ ಮೂವರು ಬರೆದರೆ ತಿದ್ದಬೇಕಾದದ್ದು ಒಕ್ಕಣೆಯನ್ನಲ್ಲ, ಬಟವಾಡೆಯನ್ನು.

ಹಣ ಬಂದ ದಿನವೇ ‘ಬಂತು, ಮುಂದಿನ ಡಿಸೆಂಬರ್‌ವರೆಗೆ ಬರುತ್ತದೆ’ ಎಂದು ಒಂದು ಸಾಲು ಹೋಗಲಿ. ಬೇಡವೆಂದವರ ಹೆಸರಿನ ಮುಂದೆ ಅವರು ಹೇಳಿದ ಕಾರಣವನ್ನು ಅವರ ಮಾತಿನಲ್ಲೇ ಬರೆದಿಡಬೇಕು. ‘ಕಣ್ಣು ಕಾಣುತ್ತಿಲ್ಲ, ಅಕ್ಷರ ಸಣ್ಣದಾಯಿತು’ ಎಂದು ನಾಲ್ಕೈದು ಕಡೆ ಕಂಡರೆ ಆ ಪುಟವನ್ನು ಸಂಪಾದಕರ ಮೇಜಿಗೆ ಕಳಿಸಬೇಕು.