ರೊಟ್ಟಿ ಮಾರಲು ಸ್ವಂತ ವೆಬ್‌ಸೈಟ್ ಬೇಕೆ, ಪುಟವೇ ಸಾಕೆ?



ಆಳಂದ, ಅಫಜಲಪುರ, ಜೇವರ್ಗಿ ಭಾಗದ ಹಲವು ಮನೆಗಳಲ್ಲಿ ಹೆಣ್ಣುಮಕ್ಕಳು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತಾರೆ. ಇಂಥ ಮನೆಗೆ ಯಾರಾದರೂ ಬಂದು, “ನಿಮಗೊಂದು ವೆಬ್‌ಸೈಟ್ ಮಾಡಿಕೊಡುತ್ತೇವೆ, ಬೆಂಗಳೂರು-ಪುಣೆಯಿಂದ ಗಿರಾಕಿ ಬರುತ್ತಾರೆ” ಎಂದರೆ, ಹಣ ಕೊಡುವ ಮೊದಲು ಲೆಕ್ಕ ಹಾಕಬೇಕು.

ಫೇಸ್‌ಬುಕ್ ಪುಟವೆಂದರೆ ಸಂತೆಯಲ್ಲಿ ಕುಳಿತ ಹಾಗೆ. ಬಾಡಿಗೆ ಇಲ್ಲ, ಆದರೆ ಜಾಗ ಪರರದು, ಕಟ್ಟಳೆಯೂ ಅವರದೇ. ವೆಬ್‌ಸೈಟ್ ಎಂದರೆ ನಮ್ಮ ಹೆಸರಿನ ಅಂಗಡಿ. ಅದರ ಹೆಸರಿಗೂ ಜಾಗಕ್ಕೂ ವರ್ಷವರ್ಷ ಹಣ ತೆರಬೇಕು. ತಪ್ಪಿದರೆ ಅಂಗಡಿ ಮುಚ್ಚುತ್ತದೆ.

ಒಂದು ಮನೆಯ ಲೆಕ್ಕವನ್ನು ಉದಾಹರಣೆಗೆ ಹಿಡಿಯೋಣ. ದಿನಕ್ಕೆ 100 ರೊಟ್ಟಿ ಬಡಿಯುತ್ತಾರೆ. ಜೋಳ, ಉರುವಲು, ಪೊಟ್ಟಣದ ಖರ್ಚು ಕಳೆದು ರೊಟ್ಟಿಗೆ 2 ರೂಪಾಯಿ ಉಳಿಯುತ್ತದೆ. ವೆಬ್‌ಸೈಟ್ ಮಾಡುವವರಿಗೆ ಒಮ್ಮೆ 6,000, ಹೆಸರು ಮತ್ತು ಜಾಗಕ್ಕೆ ವರ್ಷಕ್ಕೆ 4,000 ಎಂದಿಟ್ಟುಕೊಳ್ಳಿ. ಮೊದಲ ವರ್ಷದ 10,000 ರೂಪಾಯಿ ಹುಟ್ಟಲು 5,000 ರೊಟ್ಟಿ, ಅಂದರೆ 50 ದಿನಗಳ ದುಡಿಮೆ ಬೇಕು. ಆ 100 ರೊಟ್ಟಿಯೂ ಈಗಲೇ ಊರಲ್ಲಿ ಖರ್ಚಾಗುತ್ತಿದ್ದರೆ ಹೊಸ ಗಿರಾಕಿಗೆ ಕೊಡಲು ರೊಟ್ಟಿಯೇ ಇರುವುದಿಲ್ಲ. ಅಲ್ಲದೆ ಹೊಸ ವೆಬ್‌ಸೈಟು ಹುಡುಕುವವರ ಕಣ್ಣಿಗೆ ಬೇಗ ಬೀಳದು; ದೊಡ್ಡ ಮಾರಾಟಗಾರರೇ ಮುಂದೆ ಕಾಣುತ್ತಾರೆ. ಕೊನೆಗೆ ಅದರ ವಿಳಾಸವನ್ನೂ ನಾವೇ ವಾಟ್ಸಾಪಿನಲ್ಲಿ ಕಳಿಸಬೇಕಾಗುತ್ತದೆ.

ಆದುದರಿಂದ ಮೊದಲು ಪುಟವನ್ನೂ ವಾಟ್ಸಾಪ್ ಬಿಸಿನೆಸ್ಸನ್ನೂ ಬಳಸಿರಿ. ಎರಡಕ್ಕೂ ಶುಲ್ಕವಿಲ್ಲ. ಚಿತ್ರ, ತೂಕ, ದರ ಹಾಕಿಡಬಹುದು. ಹಣವನ್ನು ಫೋನ್ ಮೂಲಕವೇ ಪಡೆಯಬಹುದು. ಜೊತೆಗೆ ಮೂರು ತಿಂಗಳು ಒಂದು ನೋಟುಪುಸ್ತಕ ಇಡಿರಿ. ಪ್ರತಿ ಗಿರಾಕಿಯ ಹೆಸರು, ಫೋನ್ ನಂಬರು, ಯಾರಿಂದ ತಿಳಿದು ಬಂದರು, ಎಷ್ಟು ಕೊಂಡರು, ಯಾವ ಬೇಡಿಕೆ ಕೈತಪ್ಪಿತು ಎಂಬುದನ್ನು ಬರೆಯಿರಿ.

ಬಂದವರೆಲ್ಲ ಪರಿಚಯದವರೇ ಆಗಿದ್ದರೆ ಪುಟವೇ ಸಾಕು. ಪರಸ್ಥಳದ ಅಪರಿಚಿತರು ಮೇಲಿಂದ ಮೇಲೆ ಕೇಳುತ್ತಿದ್ದು, ಫೋನಿನಲ್ಲಿ ವಿಳಾಸ ಬರೆದುಕೊಳ್ಳುವುದರಲ್ಲಿ ತಪ್ಪುಗಳಾಗುತ್ತಿದ್ದು, ಹೆಚ್ಚು ಬಡಿಯುವ ಕೈಗಳೂ ಇದ್ದರೆ ಆಗ ವೆಬ್‌ಸೈಟಿನ ವಿಚಾರ ಮಾಡಬಹುದು. ಹತ್ತಾರು ಮನೆಗಳು ಸ್ವಸಹಾಯ ಗುಂಪಾಗಿ ಒಂದೇ ಹೆಸರಿನಲ್ಲಿ ಮಾರುವಾಗ ಖರ್ಚು ಹಂಚಿಹೋಗುತ್ತದೆ.

ಎರಡರಲ್ಲೂ ಒಂದೊಂದು ಎಚ್ಚರಿಕೆ ಬೇಕು. ಪುಟದ ಪಾಸ್‌ವರ್ಡ್ ಕಳವಾದರೆ ಅಥವಾ ಕಂಪನಿ ಪುಟವನ್ನು ನಿಲ್ಲಿಸಿದರೆ ಗಿರಾಕಿಗಳೆಲ್ಲ ಕೈಬಿಡುತ್ತಾರೆ. ನಂಬರುಗಳು ನೋಟುಪುಸ್ತಕದಲ್ಲಿದ್ದರೆ ವ್ಯಾಪಾರ ನಿಲ್ಲುವುದಿಲ್ಲ. ಮನೆಯ ಇನ್ನೊಬ್ಬರಿಗೂ ಪುಟ ನಡೆಸುವ ಅಧಿಕಾರ ಕೊಟ್ಟಿಡಿರಿ. ವೆಬ್‌ಸೈಟ್ ಮಾಡಿಸಿದರೆ ಅದರ ಹೆಸರು ನಿಮ್ಮ ಇಮೇಲು, ನಿಮ್ಮ ಫೋನಿನಲ್ಲೇ ನೋಂದಣಿಯಾಗಬೇಕು. ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ ನಾಳೆ ಅವರು ಕೇಳಿದಷ್ಟು ಕೊಡಬೇಕಾದೀತು. ಮೊದಲ ವರ್ಷದ ದರ ಕಡಿಮೆಯಿದ್ದು ಎರಡನೆಯ ವರ್ಷ ಏರುವುದುಂಟು. ಆದುದರಿಂದ ಎರಡನೆಯ ವರ್ಷದ ದರವನ್ನು ಮೊದಲೇ ಬರೆಸಿಕೊಳ್ಳಿರಿ.