ಮಾರ್ಚ್‌ನಲ್ಲಿ ಮಾರಿದ ಮೆಷಿನ್, ಜುಲೈನಲ್ಲಿ ಬಂದ ರಿಪೇರಿ

ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಅಣ್ಣ-ತಮ್ಮ ಸೇರಿ ಅಡಿಕೆ ಸುಲಿಯುವ ಮೆಷಿನ್ ಮಾಡ್ತಾರೆ ಅಂತ ಇಟ್ಕೊಳ್ಳಿ. ಲೆಕ್ಕಕ್ಕೋಸ್ಕರ ನಾನೇ ಹುಟ್ಟಿಸಿದ ವರ್ಕ್‌ಶಾಪ್ ಇದು. ಮಾರ್ಚ್‌ನಲ್ಲಿ ಬೆಳ್ತಂಗಡಿ, ಮೂಡುಬಿದಿರೆಯ ಅಂಗಡಿಗಳಿಗೆ 100 ಮೆಷಿನ್ ಹೋಯಿತು. ಒಂದರ ಬೆಲೆ 40,000, ತಯಾರಿಗೆ ಬಿದ್ದದ್ದು 32,000. ಲಾಭ 8 ಲಕ್ಷ. ತಮ್ಮ ಮಾರ್ಚ್ 31ಕ್ಕೆ ಪಾಲುದಾರಿಕೆ ಬಿಡುವವನು, ಅರ್ಧ ಅಂದ್ರೆ 4 ಲಕ್ಷ ಕೇಳ್ತಾನೆ.

ಆದ್ರೆ ಮೆಷಿನ್‌ಗಳಿಗೆ ಒಂದು ವರ್ಷದ ವಾರಂಟಿ ಉಂಟು. ಅಂಗಡಿಯವರು 30 ದಿನದೊಳಗೆ ವಾಪಸ್ ಕೊಡಲೂಬಹುದು. ಜುಲೈನಲ್ಲಿ ಮೋಟಾರ್ ಸುಟ್ಟು ಬಂದರೆ ಆ ಖರ್ಚು ಯಾವ ವರ್ಷದ್ದು? ಉಚಿತ ರಿಪೇರಿಯ ಮಾತು ಕೊಟ್ಟೇ ಮಾರ್ಚ್‌ನಲ್ಲಿ ಮಾರಿದ್ದು. ಹಾಗಾಗಿ ಖರ್ಚೂ ಮಾರ್ಚ್‌ನ ಆದಾಯದ ಎದುರಿಗೇ ಕೂರಬೇಕು. ಬಿಲ್ ಬರುವವರೆಗೆ ಕಾಯದೆ ಅಂದಾಜು ಮಾಡುವುದು ಅದಕ್ಕೇ.

ಅಂದಾಜು ಎಲ್ಲಿಂದ? ಹಳೆಯ ಸರ್ವಿಸ್ ಪುಸ್ತಕದಿಂದ. ನೂರರಲ್ಲಿ 3 ವಾಪಸ್ ಬರ್ತದೆ, 15ಕ್ಕೆ ಬೆಲ್ಟ್-ಬೇರಿಂಗ್ ಬದಲಿಸಲು ತಲಾ 1,000, 5ಕ್ಕೆ ಮೋಟಾರ್ ವೈಂಡಿಂಗ್ ಇತ್ಯಾದಿಗೆ ತಲಾ 8,000 ಅಂತ ಅದರಲ್ಲಿ ಕಂಡಿತು ಅನ್ನಿ. ಯಾವ ಮೆಷಿನ್ ಕೆಡ್ತದೆ ಅಂತ ಗೊತ್ತಾಗುವುದಿಲ್ಲ, ಎಷ್ಟು ಕೆಡಬಹುದು ಅಂತ ಗೊತ್ತಾಗ್ತದೆ. ನಮ್ಮ ಪ್ರಾಬಬಿಲಿಟಿ ಕ್ಲಾಸಿನ ನಿರೀಕ್ಷಿತ ಮೌಲ್ಯವೇ ಇದು.

ರಿಪೇರಿ ಬಾಬ್ತು 15,000 ಮತ್ತು 40,000 ಸೇರಿ 55,000. ಇದನ್ನು ಮಾರ್ಚ್‌ನಲ್ಲೇ ವಾರಂಟಿ ಖರ್ಚಿಗೆ ಡೆಬಿಟ್ ಮಾಡಿ, ವಾರಂಟಿ ಪ್ರಾವಿಷನ್‌ಗೆ ಕ್ರೆಡಿಟ್ ಮಾಡಬೇಕು. ಜುಲೈನಲ್ಲಿ ರಿಪೇರಿ ಆದಾಗ ಪ್ರಾವಿಷನ್ ಡೆಬಿಟ್, ಬಿಡಿಭಾಗದ ಸ್ಟಾಕ್ ಕ್ರೆಡಿಟ್. ಹೊಸ ವರ್ಷದ ಲಾಭಕ್ಕೆ ಪೆಟ್ಟು ಬೀಳುವುದಿಲ್ಲ.

ವಾಪಸಾತಿಯ ಕ್ರಮ ಬೇರೆ. ಅದು ಖರ್ಚಲ್ಲ, ಆಗದ ಮಾರಾಟ. 1,20,000 ಮಾರಾಟದಿಂದಲೇ ಕಳೆದು ಹಿಂದಿರುಗಿಸಬೇಕಾದ ಹಣ ಅಂತ ತೋರಿಸಬೇಕು. ಮೂರು ಮೆಷಿನ್ ಕೈಗೆ ಬರುವುದರಿಂದ 96,000 ಆಸ್ತಿ ಅಂತ ಉಳಿದು, ಮಾರಾಟದ ವೆಚ್ಚ ಅಷ್ಟು ಇಳಿಯುತ್ತದೆ. ಲಾಭದಿಂದ ಹೋಗುವುದು 24,000 ಮಾತ್ರ. ಮೆಷಿನ್ ಜಖಂ ಆಗಿ ಬರುವುದಾದರೆ ಆಸ್ತಿ ಇನ್ನೂ ಕಡಿಮೆ.

ಈಗ ಲಾಭ 7,21,000, ತಮ್ಮನ ಪಾಲು 3,60,500. ಅವನು 4 ಲಕ್ಷ ತಗೊಂಡು ಹೋಗಿದ್ದರೆ 79,000ದ ಪೂರ್ತಿ ಹೊರೆ ಅಣ್ಣನ ಮೇಲೆ ಬೀಳುತ್ತಿತ್ತು ಮಾರಾಯ್ರೆ!

ಟ್ಯಾಕ್ಸ್‌ನವರು ಇದನ್ನೆಲ್ಲ ಒಪ್ಪುತ್ತಾರಾ? ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್, ಹಿಂದಿನ ವರ್ಷಗಳ ದಾಖಲೆ ಆಧರಿಸಿದ ನಂಬಲರ್ಹ ಅಂದಾಜಾದರೆ ವಾರಂಟಿ ಪ್ರಾವಿಷನ್ ಕಳೆಯಬಹುದು ಎಂದಿತು. ಬಾಯಿಗೆ ಬಂದ ಶೇಕಡಾ ಹಾಕಿದರೆ ನಡೆಯುವುದಿಲ್ಲ.

ಸಿಡಿಲಿಗೆ ಸುಟ್ಟ ಮೋಟಾರ್ ವಾರಂಟಿಯಲ್ಲಿ ಇಲ್ಲದಿದ್ದರೆ ಅದನ್ನು ಸರ್ವಿಸ್ ಪುಸ್ತಕದ ಎಣಿಕೆಯಿಂದ ಮೊದಲೇ ತೆಗೆಯಬೇಕು. ಹೊಸ ಮಾಡೆಲ್‌ಗೆ ಹಳೆಯ ಲೆಕ್ಕ ಕುರುಡಾಗಿ ಹಾಕಬಾರದು. ವಾರಂಟಿ ಮುಗಿದಾಗ ಪ್ರತಿ ವರ್ಷವೂ ಪ್ರಾವಿಷನ್‌ನಲ್ಲಿ ದೊಡ್ಡ ಮೊತ್ತ ಉಳಿಯುತ್ತಿದ್ದರೆ, ಒಳ್ಳೆಯ ವರ್ಷದ ಲಾಭವನ್ನು ಯಾರೋ ಅಲ್ಲಿ ಅಡಗಿಸಿಡ್ತಾ ಇದ್ದಾರಾ ಅಂತ ನೋಡಬೇಕು.