ಉಂಡವರ ಮಾತು, ಮಾರುವವರ ಬಾಯಿ

ಸಾಗರದ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವ ಒಬ್ಬ ಅಕ್ಕನಿಗೆ ಜೂನ್ ತಿಂಗಳ ಒಂದು ಬೆಳಗ್ಗೆ ಬೆಂಗಳೂರಿನ ಗ್ರಾಹಕಿಯಿಂದ ವಾಟ್ಸ್ಆ್ಯಪ್ ಸಂದೇಶ ಬಂತು. ಇಂಥ ಮನೆ ಉದ್ಯಮಗಳಿಗೆ ಇನ್‌ಸ್ಟಾಗ್ರಾಂ ಬರಹ ಸಿದ್ಧಪಡಿಸುವುದು ನನ್ನ ಕೆಲಸವಾದ್ದರಿಂದ ಅಕ್ಕ ಅದನ್ನು ನನಗೂ ಕಳಿಸಿದರು. ಸಂದೇಶ ಹೀಗಿತ್ತು:

“ಅಕ್ಕಾ, ಮಿಡಿ ಉಪ್ಪಿನಕಾಯಿ ಬಂತು. ತೊಟ್ಟಿನ ಸೊನೆ ಪರಿಮಳ ನಮ್ಮ ಅಜ್ಜಿ ಮನೆದೇ. ಉಪ್ಪು ಸ್ವಲ್ಪ ಮುಂದು ಅನ್ನಿಸ್ತು, ಮೊಸರನ್ನದ ಜೊತೆ ಸರಿಯಾಯ್ತು. ಒಂದು ಬಾಟಲಿ ಮುಚ್ಚಳದಿಂದ ರಸ ಸೋರಿತ್ತು, ನೋಡಿ. ಅಪ್ಪಂಗೆ ಶುಗರ್, ಊಟಾನೇ ಸೇರ್ತಿರಲಿಲ್ಲ, ಇದು ಬಂದ ಮೇಲೆ ಎರಡು ತುತ್ತು ಜಾಸ್ತಿ ಉಂಡ್ರು.”

ಅಕ್ಕನ ಮನೆಯಲ್ಲಿ ಖುಷಿಯೋ ಖುಷಿ. ಮಧ್ಯಾಹ್ನದೊಳಗೆ ಅವರ ಅಳಿಯ ಒಂದು ಕ್ಯಾಪ್ಷನ್ ತಯಾರು ಮಾಡಿದ್ದ: “ಅಜ್ಜಿ ಮನೆಯ ಅದೇ ರುಚಿ! ಶುಗರ್ ಇದ್ದವರಿಗೂ ಹಸಿವು ಹೆಚ್ಚಿಸುವ ಅಪ್ಪೆಮಿಡಿ. ಗ್ರಾಹಕರೆಲ್ಲರ ಮೆಚ್ಚುಗೆ.” ಜೊತೆಗೆ ಆ ಸಂದೇಶದ ಸ್ಕ್ರೀನ್‌ಶಾಟ್. ಅದರಲ್ಲಿ ಗ್ರಾಹಕಿಯ ಹೆಸರಿತ್ತು, ಮುಖದ ಚಿತ್ರವಿತ್ತು. ಸಂದೇಶದ ಮೇಲ್ಗಡೆ, ಹಿಂದಿನ ವಾರ ಪಾರ್ಸೆಲ್‌ಗೆಂದು ಅವರೇ ಕಳಿಸಿದ್ದ ಮನೆ ವಿಳಾಸ ಪಿನ್‌ಕೋಡ್ ಸಮೇತ ಇತ್ತು.

ಹುಡುಗನಿಗೆ ಯಾರನ್ನೂ ಮೋಸ ಮಾಡುವ ಉದ್ದೇಶ ಇರಲಿಲ್ಲ. ಹೊಗಳಿಕೆ ಬಂದಿದೆ, ಅದನ್ನು ನಾಲ್ಕು ಜನಕ್ಕೆ ತೋರಿಸೋಣ ಎಂದಷ್ಟೇ ಅವನು ಅಂದುಕೊಂಡಿದ್ದ. ಆದರೂ ಆ ಮೂರು ವಾಕ್ಯ, ಒಂದು ಚಿತ್ರದಲ್ಲಿ ಈ ಕೆಲಸದಲ್ಲಿ ಆಗಬಹುದಾದ ತಪ್ಪುಗಳಲ್ಲಿ ಹೆಚ್ಚಿನವು ಸೇರಿಕೊಂಡಿದ್ದವು.

ಮಾತು ಕೈ ಬದಲಿಸಿದಾಗ

ಗ್ರಾಹಕಿ ಬರೆದಾಗ ಅದು ಒಬ್ಬ ಮಾರುವವರಿಗೆ ಒಬ್ಬ ಉಂಡವರು ಹೇಳಿದ ಮಾತು. ಅಂಗಡಿಯ ಪುಟದಲ್ಲಿ ಕಾಣಿಸಿಕೊಂಡ ಕ್ಷಣದಿಂದ ಅದು ಜಾಹೀರಾತು. ಅಕ್ಷರ ಅವರದ್ದೇ ಇರಬಹುದು, ಆದರೆ ಈಗ ಮಾತಾಡುತ್ತಿರುವುದು ಅಂಗಡಿ. ಆದ್ದರಿಂದ ಅದು ನಿಜವೇ ಎಂಬ ಹೊಣೆಯೂ ಅಂಗಡಿಯದ್ದೇ. “ನಾವೇನೂ ಹೇಳಿಲ್ಲ, ಗ್ರಾಹಕರು ಹೇಳಿದ್ದು” ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ, ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯುವ ಮಾರ್ಗಸೂಚಿಗಳು 2022ರ ಜೂನ್‌ನಲ್ಲಿ ಜಾರಿಗೆ ಬಂದವು. ಒಂದು ವಸ್ತುವನ್ನು ಮೆಚ್ಚಿ ಆಡಿದ ಮಾತನ್ನು ಜಾಹೀರಾತಿಗೆ ಬಳಸಿದರೆ ಅದು ಆ ವ್ಯಕ್ತಿಯ ಪ್ರಾಮಾಣಿಕ ಅಭಿಪ್ರಾಯವಾಗಿರಬೇಕು, ತೀರಾ ಹಳೆಯದಾಗಿರಬಾರದು, ಆ ವಸ್ತುವಿನ ಬಗ್ಗೆ ಅವರಿಗೆ ಸಾಕಷ್ಟು ತಿಳಿವಳಿಕೆ ಅಥವಾ ಅನುಭವ ಇರಬೇಕು ಎಂದು ಅವು ಹೇಳುತ್ತವೆ. ಹೇಳಿದವರಿಗೂ ಮಾರುವವರಿಗೂ ನಂಟಿದ್ದರೆ, ಅಂದರೆ ಬಾಟಲಿ ಪುಕ್ಕಟೆ ಕೊಟ್ಟಿದ್ದರೆ, ದುಡ್ಡು ಕೊಟ್ಟಿದ್ದರೆ, ಅಥವಾ ಅವರು ಮನೆಯವರೇ ಆಗಿದ್ದರೆ, ಅದನ್ನು ಓದುವವರಿಗೆ ತಿಳಿಸಬೇಕು. ಅಕ್ಕನ ಗ್ರಾಹಕಿ ಪೂರ್ತಿ ಹಣ ಕೊಟ್ಟು ಕೊಂಡವರು. ಹಾಗಾಗಿ ಈ ವಿಷಯದಲ್ಲಿ ತೊಡಕಿರಲಿಲ್ಲ.

ತೊಡಕಿದ್ದುದು ಅಳಿಯನ ಕ್ಯಾಪ್ಷನ್‌ನ ಎರಡನೇ ವಾಕ್ಯದಲ್ಲಿ. ಗ್ರಾಹಕಿ ಹೇಳಿದ್ದು ತಮ್ಮ ಮನೆಯ ಒಂದು ಘಟನೆ: ಅಪ್ಪ ಎರಡು ತುತ್ತು ಜಾಸ್ತಿ ಉಂಡರು. ಕ್ಯಾಪ್ಷನ್ ಹೇಳಿದ್ದು ಉಪ್ಪಿನಕಾಯಿಯ ಗುಣ: ಶುಗರ್ ಇದ್ದವರಿಗೂ ಹಸಿವು ಹೆಚ್ಚಿಸುತ್ತದೆ. “ಉಂಡರು” ಎಂಬುದು “ಹೆಚ್ಚಿಸುವ” ಎಂದಾದಾಗ ಅನುಭವ ಹೋಗಿ ಆರೋಗ್ಯದ ಭರವಸೆ ಬಂತು. ಆಹಾರ ಮಾರುವವರು ಇಂಥ ಮಾತಿಗೆ ಕೈ ಹಾಕಲೇಬಾರದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರ ಪ್ರಕಾರ ದಾರಿ ತಪ್ಪಿಸುವ ಆಹಾರ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ದಂಡಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಮಿಡಿಯನ್ನು ಭರಣಿಯಲ್ಲಿ ಉಪ್ಪಿಗೆ ಹಾಕಿ, ಅದು ಮುರುಟುವ ತನಕ ಬಿಟ್ಟು ಮಾಡುವ ಉಪ್ಪಿನಕಾಯಿ ಇದು. ಕೆಡದೆ ಉಳಿಯುವುದೇ ಉಪ್ಪಿನ ಬಲದಿಂದ. ಶುಗರ್ ಜೊತೆ ಬಿಪಿಯೂ ಇರುವ ಹಿರಿಯರೊಬ್ಬರು ಆ ಸಾಲು ಓದಿ “ನಮಗೂ ಒಳ್ಳೆಯದಂತೆ” ಎಂದು ದಿನಾ ನಂಜಿಕೊಂಡರೆ ಅದಕ್ಕೆ ಉತ್ತರ ಕೊಡುವವರು ಯಾರು?

ಅಪ್ಪನ ಕಾಯಿಲೆಯ ಮಾತನ್ನು ತಿದ್ದಿ ಉಳಿಸಿಕೊಳ್ಳುವ ದಾರಿಯೂ ಇರಲಿಲ್ಲ. ಅದು ಗ್ರಾಹಕಿಯ ಗುಟ್ಟೂ ಅಲ್ಲ, ಅವರ ಅಪ್ಪನದು. ಮಗಳು ಒಪ್ಪಿದರೂ ಅಪ್ಪ ಒಪ್ಪಿದಂತೆ ಆಗುವುದಿಲ್ಲ. ಆ ಸಾಲನ್ನು ಪೂರ್ತಿ ಕೈಬಿಟ್ಟೆವು. “ಗ್ರಾಹಕರೆಲ್ಲರ ಮೆಚ್ಚುಗೆ” ಎಂಬುದೂ ಹೋಯಿತು. ನಮ್ಮ ಕೈಯಲ್ಲಿದ್ದುದು ಒಬ್ಬರ ಮಾತು, ಅದನ್ನು ಒಬ್ಬರ ಮಾತಾಗಿಯೇ ಇಡಬೇಕು.

ಏನನ್ನು ಬಿಡಬಹುದು, ಏನನ್ನು ಬಿಡಬಾರದು

ಉದ್ದದ ಅನಿಸಿಕೆಯನ್ನು ಕ್ಯಾಪ್ಷನ್‌ಗೆ ತರುವಾಗ ಕತ್ತರಿಸುವುದು ಅನಿವಾರ್ಯ. ನಾನು ಅನುಸರಿಸುವ ಕ್ರಮ ಸರಳ. ಪೂರ್ತಿ ವಾಕ್ಯ ತೆಗೆಯುತ್ತೇನೆ, ವಾಕ್ಯದ ಒಳಗಿನ ಪದವನ್ನು ಕಿತ್ತು ಹಾಕುವುದಿಲ್ಲ. ಅಕ್ಷರ ತಪ್ಪಿದ್ದರೆ ಸರಿಪಡಿಸುತ್ತೇನೆ, ಪದ ಬದಲಾಯಿಸುವುದಿಲ್ಲ. “ಮನೆದೇ” ಎಂಬುದನ್ನು “ಮನೆಯದ್ದೇ” ಎಂದು ಗ್ರಾಂಥಿಕ ಮಾಡುವುದೂ ಇಲ್ಲ. ಅದು ಅವರ ಮಾತಿನ ದನಿ.

ಅಳಿಯ “ಉಪ್ಪು ಸ್ವಲ್ಪ ಮುಂದು” ಎಂಬುದನ್ನು ಬಿಡೋಣ ಎಂದ. ಅದನ್ನೂ ಸೋರಿದ ಬಾಟಲಿಯ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದ. ಅವೆರಡೂ ಬೇರೆ ಬೇರೆ. ಸೋರಿದ್ದು ಒಂದು ಪಾರ್ಸೆಲ್‌ನ ದೋಷ. ಅಕ್ಕ ಅಂದೇ ಹೊಸ ಬಾಟಲಿ ಕಳಿಸಿದರು, ಮುಚ್ಚಳದ ಒಳಗೆ ಇನ್ನೊಂದು ಸೀಲ್ ಹಾಕಿಸುವ ಏರ್ಪಾಡು ಮಾಡಿದರು. ಕ್ಯಾಪ್ಷನ್ ರುಚಿಯ ಬಗ್ಗೆ ಮಾತ್ರ ಇರುವಾಗ ಅದನ್ನು ಹೇಳದಿದ್ದರೆ ಓದುವವರು ಮೋಸ ಹೋಗುವುದಿಲ್ಲ. ಅದೇ ಸಂದೇಶವನ್ನು “ಪ್ಯಾಕಿಂಗ್ ಚೆನ್ನಾಗಿದೆ” ಎಂಬ ಪೋಸ್ಟ್‌ನ ಕೆಳಗೆ ಬಳಸಿದ್ದರೆ ಅದು ಸುಳ್ಳಾಗುತ್ತಿತ್ತು.

ಉಪ್ಪಿನ ಮಾತು ಹಾಗಲ್ಲ. ಅದು ರುಚಿಯ ಬಗೆಗಿನ ತೀರ್ಪಿನ ಅರ್ಧ ಭಾಗ. ಪರಿಮಳ ಹಿಡಿಸಿತು, ಉಪ್ಪು ಮುಂದಾಯಿತು, ಮೊಸರನ್ನಕ್ಕೆ ಹೊಂದಿತು: ಈ ಮೂರೂ ಸೇರಿದರೇ ಅವರ ಅಭಿಪ್ರಾಯ. ಮಧ್ಯದ್ದನ್ನು ತೆಗೆದರೆ ಉಳಿಯುವುದು ಅವರು ಹೇಳದ ಒಂದು ಹೊಗಳಿಕೆ. ಕತ್ತರಿಸಿದ್ದು ಸರಿಯೇ ಎಂದು ತಿಳಿಯಲು ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಬಿಟ್ಟ ಸಾಲು ಓದುವವರಿಗೆ ಗೊತ್ತಾದರೆ, ಇಟ್ಟ ಸಾಲಿನ ಮೇಲಿನ ಅವರ ನಂಬಿಕೆ ಬದಲಾಗುತ್ತದೆಯೇ? ಬದಲಾಗುವುದಾದರೆ ಬಿಡುವಂತಿಲ್ಲ.

ಇನ್ನೊಂದು ಸೂಕ್ಷ್ಮ, ಕಾಲದ್ದು. ಮಿಡಿ ವರ್ಷಕ್ಕೊಮ್ಮೆ ಬರುವಂಥದ್ದು. ಮರ ಬದಲಾದರೆ ಸೊನೆಯ ಪರಿಮಳವೂ ಬದಲಾಗುತ್ತದೆ. ಈ ವರ್ಷದ ಭರಣಿಗೆ ಬಂದ ಮಾತನ್ನು ಮುಂದಿನ ವರ್ಷದ ಭರಣಿಗೆ ಅಂಟಿಸಿದರೆ, ಗ್ರಾಹಕಿ ತಿನ್ನದ ಉಪ್ಪಿನಕಾಯಿಯನ್ನು ಹೊಗಳಿದಂತೆ ಆಗುತ್ತದೆ. ಹಾಗಾಗಿ ಕ್ಯಾಪ್ಷನ್‌ನಲ್ಲೇ ತಿಂಗಳು, ವರ್ಷದ ಫಸಲು ನಮೂದಿಸುವುದು ಒಳ್ಳೆಯದು.

ಕೇಳುವ ರೀತಿ

ಹಲವರು “ನಿಮ್ಮ ರಿವ್ಯೂ ಹಾಕ್ಲಾ?” ಎಂದು ಕೇಳಿ, ಬಂದ ಹೆಬ್ಬೆರಳನ್ನೇ ಒಪ್ಪಿಗೆ ಎಂದುಕೊಳ್ಳುತ್ತಾರೆ. ಯಾವ ಸಾಲಿಗೆ, ಎಲ್ಲಿ ಹಾಕಲು, ಯಾವ ಹೆಸರಲ್ಲಿ ಎಂಬುದು ಆ ಹೆಬ್ಬೆರಳಿನಲ್ಲಿ ಇರುವುದಿಲ್ಲ. ಗೂಗಲ್‌ನಲ್ಲಿ ಎಲ್ಲರಿಗೂ ಕಾಣುವಂತೆ ಬರೆದವರನ್ನೂ ಕೇಳಬೇಕು. ಬೇರೆ ಕೊಳ್ಳುವವರಿಗೆ ನೆರವಾಗಲೆಂದು ಬರೆಯುವುದು ಬೇರೆ, ಅಂಗಡಿಯ ಪೋಸ್ಟರಿನಲ್ಲಿ ಹೆಸರಾಗುವುದು ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಮ್ಮತಿಯನ್ನು ವಿವರಿಸುವ ಬಗೆಯೂ ಇದಕ್ಕೆ ಹೊಂದುತ್ತದೆ: ಅದು ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದೆ ಇರಬೇಕು, ಮತ್ತು ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು.

ಮೊದಲು ಬದಲಿ ಬಾಟಲಿ ತಲುಪಲಿ ಎಂದು ಕಾದೆವು. ದೂರು ಬಾಕಿ ಇರುವಾಗ ಒಪ್ಪಿಗೆ ಕೇಳಿದರೆ, ಹೊಸ ಬಾಟಲಿ ಬರಬೇಕಾದರೆ ಹೂಂ ಅನ್ನಬೇಕೇನೋ ಎಂಬ ಮುಲಾಜು ಹುಟ್ಟುತ್ತದೆ. ಅದು ತಲುಪಿದ ಮರುದಿನ ಅಕ್ಕ ಕಳಿಸಿದ ಸಂದೇಶ ಇದು:

“ನಮಸ್ತೆ. ನೀವು ಬರೆದದ್ದರಲ್ಲಿ ಎರಡು ಸಾಲನ್ನು ನಮ್ಮ ಇನ್‌ಸ್ಟಾಗ್ರಾಂ ಪುಟದಲ್ಲೂ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲೂ ಹಾಕಬಹುದಾ? ಹಾಕುವುದು ಕೆಳಗೆ ಇದ್ದ ಹಾಗೇ. ಹೆಸರು ಹಾಕಬೇಕಾ, ಬರೀ ಊರು ಸಾಕಾ, ನೀವೇ ಹೇಳಿ. ಬೇಡ ಅಂದರೂ ಬೇಜಾರಿಲ್ಲ. ಮುಂದೆ ಯಾವಾಗ ತೆಗೆಯಿರಿ ಅಂದರೂ ತೆಗೆಯುತ್ತೇವೆ.”

ಕೆಳಗೆ ನಾನು ಟೈಪ್ ಮಾಡಿಕೊಟ್ಟ ಕ್ಯಾಪ್ಷನ್ ಇತ್ತು. ಸಂಜೆ ಉತ್ತರ ಬಂತು: “ಹಾಕಿ ಅಕ್ಕಾ. ಹೆಸರು ಬೇಡ, ಬೆಂಗಳೂರು ಅಂತಿರಲಿ. ಆದ್ರೆ ನಾನು ಅಜ್ಜಿ ಮನೆ ರುಚಿ ಅಂದಿಲ್ಲ, ಪರಿಮಳ ಅಂದಿದ್ದು. ಅಜ್ಜಿ ಇಷ್ಟು ಖಾರ ಹಾಕ್ತಿರಲಿಲ್ಲ.”

ಮೂಲ ಸಂದೇಶ ತೆರೆದು ನೋಡಿದೆ. ಅವರು ಹೇಳಿದ್ದೇ ಸರಿ. ಅಳಿಯನ ಕ್ಯಾಪ್ಷನ್‌ನಲ್ಲಿದ್ದ “ರುಚಿ” ನನ್ನ ಕಣ್ಣು ತಪ್ಪಿಸಿ ನನ್ನದಕ್ಕೂ ಬಂದುಬಿಟ್ಟಿತ್ತು. ಪದ ಬದಲಾಯಿಸುವುದಿಲ್ಲ ಎಂದು ಹೇಳುವ ನಾನೇ ಬದಲಾಯಿಸಿದ್ದೆ. ಅಂದಿನಿಂದ ಬೇರೆಯವರ ಮಾತನ್ನು ಟೈಪ್ ಮಾಡುವುದು ಬಿಟ್ಟಿದ್ದೇನೆ. ಮೂಲದಿಂದ ನಕಲು ಮಾಡಿ ಅಂಟಿಸುತ್ತೇನೆ. ಒಪ್ಪಿಗೆ ಕೇಳುವಾಗ ಹಾಕಲಿರುವ ಸಾಲನ್ನೇ ತೋರಿಸಿದರೆ ನಿಖರತೆಯ ಕೊನೆಯ ಪರೀಕ್ಷೆಯೂ ಅಲ್ಲೇ ಆಗುತ್ತದೆ ಎಂಬುದನ್ನು ನಾನು ಕಲಿತದ್ದೂ ಆ ಉತ್ತರದಿಂದಲೇ.

ಕೊನೆಗೆ ಹೊರಬಂದ ಕ್ಯಾಪ್ಷನ್:

“ತೊಟ್ಟಿನ ಸೊನೆ ಪರಿಮಳ ನಮ್ಮ ಅಜ್ಜಿ ಮನೆದೇ. ಉಪ್ಪು ಸ್ವಲ್ಪ ಮುಂದು ಅನ್ನಿಸ್ತು, ಮೊಸರನ್ನದ ಜೊತೆ ಸರಿಯಾಯ್ತು.”
ಬೆಂಗಳೂರಿನ ಗ್ರಾಹಕರು, ಜೂನ್, ಈ ವರ್ಷದ ಮಿಡಿ. ಅನುಮತಿ ಪಡೆದು ಹಾಕಿದ್ದು.

ಸ್ಕ್ರೀನ್‌ಶಾಟ್ ಹಾಕಲಿಲ್ಲ. ಬದಲಿಗೆ ಭರಣಿಯ ಚಿತ್ರವಿತ್ತು, ಅಕ್ಕನೇ ತೆಗೆದದ್ದು.

ಬರೆದಿಟ್ಟ ಪುಟ

ಅಕ್ಕ ಈಗ ಲೆಕ್ಕದ ಪುಸ್ತಕದ ಕೊನೆಯಲ್ಲಿ ನಾಲ್ಕು ಕಾಲಂ ಎಳೆದಿದ್ದಾರೆ: ಮೂಲ ಮಾತು, ಹಾಕಿದ ಮಾತು, ಒಪ್ಪಿದ ದಿನ, ಎಲ್ಲೆಲ್ಲಿ ಹಾಕಿದೆ. ನಾಲ್ಕನೆಯದೇ ಮುಖ್ಯ. ಸ್ಟೇಟಸ್ ಒಂದು ದಿನಕ್ಕೆ ಮಾಯವಾಗುತ್ತದೆ, ಇನ್‌ಸ್ಟಾಗ್ರಾಂ ಹೈಲೈಟ್‌ನಲ್ಲಿ ಉಳಿದದ್ದು ಮರೆತೇ ಹೋಗುತ್ತದೆ. ಬಾಟಲಿಯ ಲೇಬಲ್ ಮೇಲೆ ಅಚ್ಚಾದ ಮಾತನ್ನಂತೂ ಹಿಂದೆ ಪಡೆಯಲು ಆಗುವುದೇ ಇಲ್ಲ. ಅದಕ್ಕೇ ಲೇಬಲ್‌ಗೆ ಬೇರೆಯೇ ಒಪ್ಪಿಗೆ ಕೇಳಬೇಕು, ಅಚ್ಚಾದ ಮೇಲೆ ತೆಗೆಯಲಾಗದು ಎಂಬುದನ್ನೂ ಮೊದಲೇ ಹೇಳಬೇಕು.

ಕ್ಯಾಪ್ಷನ್ ಹಾಕಿದ ವಾರ ಶಿವಮೊಗ್ಗದಿಂದ ಒಬ್ಬರು ಫೋನ್ ಮಾಡಿದರು. “ಉಪ್ಪು ಮುಂದು ಅಂತ ಹಾಕಿದ್ದೀರಲ್ಲ, ನಮ್ಮ ಮನೆಯಲ್ಲಿ ಇಬ್ಬರಿಗೆ ಬಿಪಿ. ತಗೊಳ್ಳಬಹುದಾ?” ಅಕ್ಕ ಹೇಳಿದರು: “ಅವರಿಗೆ ಬೇಡ. ನೀವು ತಿನ್ನುವುದಾದರೆ ಕಾಲು ಕೆಜಿ ಸಾಕು.” ಒಂದು ಕೆಜಿ ಕೇಳಲೆಂದು ಬಂದ ಫೋನು ಕಾಲು ಕೆಜಿಗೆ ಮುಗಿಯಿತು. ಅಳಿಯ ಪಕ್ಕದಲ್ಲೇ ಕುಳಿತು ಆ ಕಾಲು ಕೆಜಿಯ ವಿಳಾಸ ಬರೆದುಕೊಂಡ.